ಪೇಟೆಂಟಿನ ಚಕ್ಕುಬಂದಿ ಓದುವುದು: ಬಿಟಿ ಹತ್ತಿಯ ಒಂದು ಕ್ಲೇಮಿನ ಮೇಲೆ ಅಭ್ಯಾಸ ಪಾಠ

ಪಾಠದ ಹಿನ್ನೆಲೆ

ನಮ್ಮ ಪ್ರಶಿಕ್ಷಣಾರ್ಥಿಗಳು ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಬೋಧನಾ ಅಭ್ಯಾಸಕ್ಕೆ ಹೋಗುತ್ತಾರೆ. ವಿಜ್ಞಾನ ತರಗತಿಯಲ್ಲಿ ಜೈವಿಕ ತಂತ್ರಜ್ಞಾನದ ಮಾತು ಬಂದ ಕೂಡಲೇ ಮಕ್ಕಳು ಬಿಟಿ ಹತ್ತಿಯನ್ನು ಎತ್ತುತ್ತಾರೆ. ಹಿರೇಕೆರೂರು ಕಡೆಯ ಶಾಲೆಯಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ಎಷ್ಟೋ ಮನೆಗಳವರು ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡಿದವರು. ನಾನು ಪಾಠ ವೀಕ್ಷಣೆಗೆ ಕುಳಿತಿದ್ದಾಗ ಒಬ್ಬ ಹುಡುಗ ಕೇಳಿದ: "ಸರ್, ನಮ್ಮಪ್ಪ ಹಾಕೋ ಹತ್ತಿ ಬೀಜಕ್ಕ ಪೇಟೆಂಟ್ ಐತಂತ್ರೀ. ಹಂಗಾದ್ರ ಬೆಳದ ಹತ್ತೀನೂ ಕಂಪನೀದ ಏನ್ರೀ?"

ಇಂಥ ಪ್ರಶ್ನೆಗೆ "ಹೌದು" ಅಥವಾ "ಅಲ್ಲ" ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಂದೆ ಹೋಗುವುದು ಸುಲಭ. ಆದರೆ ಆ ಹುಡುಗನ ಮನೆಯಲ್ಲಿ ಅದು ಹೊಲದ ಪ್ರಶ್ನೆ. ಪೇಟೆಂಟು ಏನನ್ನು ಆವರಿಸುತ್ತದೆ ಎಂಬುದಕ್ಕೆ ಉತ್ತರ ಪೇಟೆಂಟಿನ ಹೆಸರಿನಲ್ಲಿ ಇಲ್ಲ, ಪತ್ರಿಕೆಯ ಸುದ್ದಿಯಲ್ಲೂ ಇಲ್ಲ. ಅದು ಪೇಟೆಂಟು ದಾಖಲೆಯ ಕೊನೆಯಲ್ಲಿ ಬರುವ ಕ್ಲೇಮುಗಳಲ್ಲಿದೆ. ಕ್ಲೇಮೆಂದರೆ ಹಕ್ಕುಕೋರಿಕೆಯ ವಾಕ್ಯ. ಆ ವಾಕ್ಯವನ್ನು ಬಿಡಿಸಿ ಓದಿ, ಎಂಟು ಹತ್ತು ಸಾಲಿನ ಆಡುಮಾತಿನ ಸಾರಾಂಶ ಬರೆಯಿಸುವುದು ಈ ಪಾಠದ ಗುರಿ. ಎರಡು ಅವಧಿ ಸಾಕು.

ಮೊದಲ ಹಂತ: ಚಕ್ಕುಬಂದಿಯಿಂದ ಆರಂಭ

ಜಮೀನಿನ ಖರೀದಿ ಪತ್ರದಲ್ಲಿ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ, ದಕ್ಷಿಣಕ್ಕೆ ಯಾರ ತೋಟ ಎಂದು ಚಕ್ಕುಬಂದಿ ಬರೆಯುತ್ತಾರೆ. ಆ ಹೊಲದ ಮಣ್ಣು ಎಷ್ಟು ಫಲವತ್ತು, ಅಜ್ಜ ಅದನ್ನು ಹೇಗೆ ಸಂಪಾದಿಸಿದ ಎಂಬುದು ಪತ್ರದಲ್ಲಿ ಬಂದರೂ ಬರಬಹುದು. ಆದರೆ ಜಗಳವಾದಾಗ ನೋಡುವುದು ಚಕ್ಕುಬಂದಿಯನ್ನು. ಪೇಟೆಂಟಿನಲ್ಲೂ ಹಾಗೆಯೇ. ಶೀರ್ಷಿಕೆ, ಹಿನ್ನೆಲೆ, ವಿವರಣೆ, ಪ್ರಯೋಗಗಳು ಎಲ್ಲ ಬರುತ್ತವೆ. ಕೊನೆಯಲ್ಲಿ ಅಂಕಿ ಹಾಕಿದ ಕ್ಲೇಮುಗಳು ಬರುತ್ತವೆ. ನಮ್ಮ 1970ರ ಪೇಟೆಂಟು ಕಾಯ್ದೆಯ 10ನೇ ಕಲಮು ಹೇಳುವುದು ಇದನ್ನೇ: ರಕ್ಷಣೆ ಕೇಳುವ ಆವಿಷ್ಕಾರದ ಎಲ್ಲೆಯನ್ನು ಕ್ಲೇಮು ಗುರುತಿಸಬೇಕು.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಚಕ್ಕುಬಂದಿ ಗುರುತಿಸುವ ಹೊಲ ಒಂದೇ. ಕ್ಲೇಮು ಗುರುತಿಸುವುದು ಒಂದು ಬಗೆಯ ವಸ್ತುಗಳನ್ನೆಲ್ಲ. ಅದರಲ್ಲಿ ಹೇಳಿದ ಎಲ್ಲ ಅಂಗಗಳೂ ಇರುವ ವಸ್ತು ಎಲ್ಲಿದ್ದರೂ ಎಲ್ಲೆಯ ಒಳಗೆ, ಒಂದೇ ಒಂದು ಅಂಗ ಇಲ್ಲದಿದ್ದರೂ ಸಾಮಾನ್ಯವಾಗಿ ಹೊರಗೆ. ಆದ್ದರಿಂದ ಕ್ಲೇಮಿನಲ್ಲಿ ಷರತ್ತು ಹೆಚ್ಚಾದಷ್ಟೂ ಎಲ್ಲೆ ಸಣ್ಣದಾಗುತ್ತದೆ. ಉದ್ದದ ಕ್ಲೇಮು ನೋಡಿ "ಅಬ್ಬಾ, ಎಷ್ಟೊಂದು ಹಕ್ಕು!" ಎನ್ನುವ ವಿದ್ಯಾರ್ಥಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಅದಕ್ಕಾಗಿ ನಾನು ಪಾಠಕ್ಕೆಂದೇ ಕಟ್ಟಿದ ಒಂದು ಕ್ಲೇಮನ್ನು ಕರಿಹಲಗೆಯ ಮೇಲೆ ಬರೆಯಿಸುತ್ತೇನೆ:

"1. ಒಂದು ಕೂರಿಗೆ, ಅದು ಬೀಜ ಹಾಕುವ ಬಟ್ಟಲನ್ನು, ಬಟ್ಟಲಿನಿಂದ ಬೀಜ ಇಳಿಯುವ ಕೊಳವೆಗಳನ್ನು, ಪ್ರತಿ ಕೊಳವೆಗೆ ಒಂದು ಸಲಕ್ಕೆ ಒಂದೇ ಕಾಳು ಬಿಡುವ ಹಲ್ಲುಚಕ್ರವನ್ನು ಒಳಗೊಂಡಿದೆ."
"2. 1ನೇ ಕ್ಲೇಮಿನಲ್ಲಿ ಹೇಳಿದ ಕೂರಿಗೆ. ಇದರಲ್ಲಿ ಹಲ್ಲುಚಕ್ರ ಮರದ್ದು."

ಆಮೇಲೆ ಪ್ರಶ್ನೆಗಳು. ಮನೆಯಲ್ಲಿರುವ ಹಳೆಯ ಕೂರಿಗೆ, ಕೈಯಿಂದ ಕಾಳು ಬಿಡುವುದು, ಒಳಗೋ ಹೊರಗೋ? ಹೊರಗೆ, ಏಕೆಂದರೆ ಹಲ್ಲುಚಕ್ರ ಇಲ್ಲ. ಹಲ್ಲುಚಕ್ರವೂ ಇದ್ದು ಗೊಬ್ಬರದ ಪೆಟ್ಟಿಗೆಯನ್ನೂ ಸೇರಿಸಿದರೆ? ಒಳಗೆ. "ಒಳಗೊಂಡಿದೆ" ಎಂಬ ಮಾತು ಬಾಗಿಲು ತೆರೆದಿಟ್ಟ ಮಾತು. ಹೇಳಿದ್ದೆಲ್ಲ ಇದ್ದರಾಯಿತು, ಮೇಲೆ ಇನ್ನೇನು ಸೇರಿಸಿದರೂ ಎಲ್ಲೆಯಿಂದ ಹೊರಬೀಳುವುದಿಲ್ಲ. ಇಂಗ್ಲಿಷ್ ಕ್ಲೇಮುಗಳಲ್ಲಿ ಬರುವ "ಕಂಪ್ರೈಸಿಂಗ್" ಎಂಬ ಪದ ಮಾಡುವ ಕೆಲಸ ಇದೇ. "ಇಷ್ಟು ಮಾತ್ರ" ಎಂದು ಬರೆದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಕಬ್ಬಿಣದ ಹಲ್ಲುಚಕ್ರ ಹಾಕಿದರೆ? ಎರಡನೆಯ ಕ್ಲೇಮಿನಿಂದ ಹೊರಗೆ, ಆದರೆ ಮೊದಲನೆಯದರ ಒಳಗೆ. ಒಂದು ಕ್ಲೇಮಿನ ಒಳಗೆ ಬಿದ್ದರೂ ಸಾಕು. ಆದ್ದರಿಂದ ಸಾರಾಂಶ ಬರೆಯುವವರು ಮೊದಲು ಹುಡುಕಬೇಕಾದದ್ದು ಬೇರೆ ಕ್ಲೇಮಿನ ಆಸರೆ ಬೇಡದೆ ತಾನೇ ನಿಲ್ಲುವ ಕ್ಲೇಮನ್ನು.

ಹಾನಗಲ್ಲಿನ ಒಂದು ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ಇಷ್ಟನ್ನು ಹದಿನೈದು ನಿಮಿಷದಲ್ಲಿ ಮುಗಿಸಿದಳು. ಭತ್ತದ ಗದ್ದೆ ಕಂಡ ಮಕ್ಕಳಿಗೂ ಕೂರಿಗೆ ಗೊತ್ತು. ಗೊತ್ತಿರುವ ವಸ್ತುವಿನ ಮೇಲೆ ನಿಯಮ ಕಲಿತರೆ ಗೊತ್ತಿಲ್ಲದ ವಸ್ತುವಿನ ಮೇಲೆ ಅದೇ ನಿಯಮ ನಡೆಸಬಹುದು.

ಎರಡನೆಯ ಹಂತ: ನಿಜವಾದ ಕ್ಲೇಮು

ಈಗ ಭಾರತದ ಪೇಟೆಂಟು ಸಂಖ್ಯೆ 214436. ಮೊನ್ಸಾಂಟೊ ಕಂಪನಿಗೆ 2008ರಲ್ಲಿ ಮಂಜೂರಾದದ್ದು. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಿದರೆ, ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ವಿಷ ಪ್ರೋಟೀನು ಗಿಡದಲ್ಲಿ ಉಂಟಾಗುವಂತೆ ಗಿಡವನ್ನು ಪರಿವರ್ತಿಸುವ ವಿಧಾನಗಳು. ಶೀರ್ಷಿಕೆಯನ್ನಷ್ಟೇ ಓದಿದವರು "ಬಿಟಿ ಬೆಳೆಗಳಿಗೆಲ್ಲ ಪೇಟೆಂಟು" ಎಂದುಬಿಡುತ್ತಾರೆ. ಕ್ಲೇಮು ಅಷ್ಟು ಹೇಳುವುದಿಲ್ಲ.

ಇದರಲ್ಲಿ 27 ಕ್ಲೇಮುಗಳಿವೆ. 1ರಿಂದ 24ರವರೆಗಿನವು ವಿಧಾನದ ಕ್ಲೇಮುಗಳು, ಅಂದರೆ ಒಂದು ಕೆಲಸವನ್ನು ಹೀಗೆ ಮಾಡುವುದು ಎಂಬ ಬಗೆಯವು. 25ರಿಂದ 27ರವರೆಗಿನವು ವಸ್ತುವಿನ ಕ್ಲೇಮುಗಳು. ಆ ವಸ್ತು ಗಿಡವಲ್ಲ, ಬೀಜವಲ್ಲ. ಅದು ಒಂದು ಡಿಎನ್‌ಎ ತುಣುಕು. ಪಾಠಕ್ಕೆ ನಾನು ಆರಿಸಿಕೊಂಡದ್ದು 25ನೇ ಕ್ಲೇಮು. ಅದು ಒಂದೇ ವಾಕ್ಯ, ಆದರೆ ಉಸಿರು ಕಟ್ಟುವಷ್ಟು ಉದ್ದ. ಅದನ್ನು ಅಂಗ ಅಂಗವಾಗಿ ಬಿಡಿಸಿದರೆ ನಾಲ್ಕು ಸಾಲಾಗುತ್ತದೆ.

ಮೊದಲನೆಯದು ಪ್ರೊಮೋಟರ್. ಮನೆಯ ದೀಪದ ಸ್ವಿಚ್ಚಿನಂತೆ, ಮುಂದಿರುವ ಜೀನು ಕೆಲಸ ಆರಂಭಿಸುವಂತೆ ಮಾಡುವ ಭಾಗ.

ಎರಡನೆಯದು ವಿಳಾಸದ ಚೀಟಿಯಂಥ ಒಂದು ಸಣ್ಣ ಪೆಪ್ಟೈಡನ್ನು ತಯಾರಿಸುವ ಭಾಗ. ಜೀವಕೋಶದಲ್ಲಿ ತಯಾರಾದ ಪ್ರೋಟೀನು ಎಲ್ಲಿಗೆ ಹೋಗಬೇಕು ಎಂದು ಈ ಚೀಟಿ ಹೇಳುತ್ತದೆ. ಇಲ್ಲಿ ಬರೆದಿರುವ ವಿಳಾಸ ಪ್ಲಾಸ್ಟಿಡ್. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟ್ ಈ ಗುಂಪಿಗೇ ಸೇರಿದ್ದು.

ಮೂರನೆಯದು ಕ್ರೈ2ಎಬಿ ಎಂಬ ಬಿಟಿ ಪ್ರೋಟೀನನ್ನು ತಯಾರಿಸುವ ಭಾಗ. ಕಾಯಿಕೊರಕ ಹುಳುವಿನ ಹೊಟ್ಟೆ ಕೆಡಿಸುವುದು ಇದೇ. ಇದು ವಿಳಾಸದ ಭಾಗಕ್ಕೆ ಓದು ತಪ್ಪದಂತೆ ಜೋಡಣೆಯಾಗಿರಬೇಕು. ಡಿಎನ್‌ಎಯನ್ನು ಜೀವಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. ಒಂದಕ್ಷರ ಸರಿದು ಜೋಡಿಸಿದರೆ ಮುಂದಿನ ಓದೆಲ್ಲ ಅರ್ಥಗೆಡುತ್ತದೆ.

ನಾಲ್ಕನೆಯದು ಫಲಿತಾಂಶ. ಗಿಡದ ಜೀವಕೋಶದಲ್ಲಿ ಈ ತುಣುಕು ಕೆಲಸ ಮಾಡಿದಾಗ ಮುಂಭಾಗದಲ್ಲಿ ವಿಳಾಸ ಅಂಟಿಕೊಂಡ ಒಂದೇ ಪ್ರೋಟೀನು ಉಂಟಾಗಬೇಕು, ಮತ್ತು ಅದು ಜೀವಕೋಶದೊಳಗಿನ ಒಂದು ಕೋಣೆಗೆ ಹೋಗಿ ಸೇರಬೇಕು.

ಈ ನಾಲ್ಕನ್ನೂ ಬರೆದಾದ ಮೇಲೆ ತರಗತಿಗೆ ಹೇಳಬೇಕಾದದ್ದು ಒಂದೇ ಮಾತು: ಹುಳುವನ್ನು ಕೊಲ್ಲುವ ಪ್ರೋಟೀನೊಂದೇ ಇಲ್ಲಿ ಕ್ಲೇಮಾಗಿಲ್ಲ. ಸ್ವಿಚ್ಚು, ವಿಳಾಸ, ಪ್ರೋಟೀನು ಈ ಕ್ರಮದಲ್ಲಿ ಕೂಡಿದ ಜೋಡಣೆ ಕ್ಲೇಮಾಗಿದೆ.

ಮೂರನೆಯ ಹಂತ: ಒಳಗೋ ಹೊರಗೋ?

ಕೂರಿಗೆಗೆ ಕೇಳಿದ ಪ್ರಶ್ನೆಯನ್ನೇ ಈಗ ಐದು ವಸ್ತುಗಳಿಗೆ ಕೇಳಿಸುತ್ತೇನೆ. ವಿದ್ಯಾರ್ಥಿಗಳು ಪ್ರತಿಯೊಂದಕ್ಕೂ ಯಾವ ಅಂಗ ಇದೆ, ಯಾವುದು ಇಲ್ಲ ಎಂದು ಬೆರಳಿಟ್ಟು ತೋರಿಸಬೇಕು. "ಅನಿಸುತ್ತದೆ" ಎಂಬ ಉತ್ತರ ನಡೆಯುವುದಿಲ್ಲ.

ಜಯಧರ ಹತ್ತಿ, ನಮ್ಮ ಧಾರವಾಡ ಸೀಮೆಯ ದೇಶಿ ತಳಿ. ಅದರಲ್ಲಿ ಬಿಟಿ ಜೀನೇ ಇಲ್ಲ. ಹೊರಗೆ.

ಬಿಟಿ ಬ್ಯಾಕ್ಟೀರಿಯಾವನ್ನೇ ಪುಡಿ ಮಾಡಿ ನೀರಿಗೆ ಬೆರೆಸಿ ಹೊಡೆಯುವ ಔಷಧಿ. ಅದರಲ್ಲಿ ಬಿಟಿ ಪ್ರೋಟೀನು ಇದ್ದೇ ಇರುತ್ತದೆ. ಆದರೆ ಪ್ಲಾಸ್ಟಿಡ್ ವಿಳಾಸದ ಚೀಟಿ ಬ್ಯಾಕ್ಟೀರಿಯಾದಲ್ಲಿ ಇಲ್ಲ. ಹೊರಗೆ.

2002ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಪಡೆದ ಮೊದಲ ಬಿಟಿ ಹತ್ತಿ, ಬೋಲ್‌ಗಾರ್ಡ್ 1. ಅದರಲ್ಲಿರುವುದು ಕ್ರೈ1ಎಸಿ ಎಂಬ ಬೇರೆ ಪ್ರೋಟೀನಿನ ಜೀನು. ಮೂರನೆಯ ಅಂಗ ಇಲ್ಲ. ಹೊರಗೆ. ಇಲ್ಲಿ ಮಕ್ಕಳು ಬೆರಗಾಗುತ್ತಾರೆ, ಏಕೆಂದರೆ ಅದೂ ಬಿಟಿ ಹತ್ತಿಯೇ.

2006ರಲ್ಲಿ ಬಂದ ಬೋಲ್‌ಗಾರ್ಡ್ 2. ಅದರಲ್ಲಿ ಕ್ರೈ1ಎಸಿ ಜೊತೆಗೆ ಕ್ರೈ2ಎಬಿ ಕೂಡ ಇದೆ, ವಿಳಾಸ ಸಮೇತವಾಗಿ. ಎರಡನೆಯ ಜೀನು ಇದೆಯೆಂದು ಹೊರಗೆ ಬೀಳುವುದಿಲ್ಲ. ಗೊಬ್ಬರದ ಪೆಟ್ಟಿಗೆ ಸೇರಿಸಿದ ಕೂರಿಗೆಯನ್ನು ನೆನಪಿಸಬೇಕು. ಅದರೊಳಗಿನ ಡಿಎನ್‌ಎ ತುಣುಕು ಕ್ಲೇಮಿನ ಎಲ್ಲೆಯ ಒಳಗೆ.

ಐದನೆಯ ವಸ್ತು ಶಿಗ್ಗಾಂವಿಯ ತರಗತಿಯಿಂದ ಬಂದದ್ದು. ಗೋವಿನಜೋಳ ಬೆಳೆಯುವ ಮನೆಯ ಹುಡುಗಿಯೊಬ್ಬಳು ಕೇಳಿದಳು: "ಅದೇ ತುಣುಕನ್ನ ಗೋವಿನಜ್ವಾಳಕ್ಕ ಹಾಕಿದ್ರ ತಪ್ಪಸ್ಕೋಬಹುದೇನ್ರೀ ಸರ್?" ಉತ್ತರಕ್ಕೆ ಮತ್ತೆ ಕ್ಲೇಮಿಗೇ ಹೋಗಬೇಕು. 25ನೇ ಕ್ಲೇಮು "ಗಿಡದ ಜೀವಕೋಶ" ಎನ್ನುತ್ತದೆ, "ಹತ್ತಿ" ಎನ್ನುವುದಿಲ್ಲ. ನಾಲ್ಕೂ ಅಂಗ ಇದ್ದರೆ ಗೋವಿನಜೋಳದಲ್ಲಿದ್ದರೂ ಒಳಗೇ. ನೋಡಿ, "ಇದು ಬಿಟಿ ಹತ್ತಿಯ ಪೇಟೆಂಟು" ಎಂಬ ಒಂದು ಸಾಲಿನ ಸಾರಾಂಶ ಎರಡು ಕಡೆಯೂ ತಪ್ಪಾಯಿತು. ಬೋಲ್‌ಗಾರ್ಡ್ 1ನ್ನು ಸುಮ್ಮನೆ ಒಳಗೆ ಎಳೆಯಿತು, ಗೋವಿನಜೋಳವನ್ನು ಸುಮ್ಮನೆ ಹೊರಗೆ ಬಿಟ್ಟಿತು.

ನಾಲ್ಕನೆಯ ಹಂತ: ಎಲ್ಲೆಯ ಒಳಗಿದ್ದರೆ ಏನಾಗುತ್ತದೆ?

ಕಾಯ್ದೆಯ 48ನೇ ಕಲಮಿನ ಪ್ರಕಾರ ವಸ್ತುವಿನ ಪೇಟೆಂಟು ಉಳ್ಳವರು, ತಮ್ಮ ಒಪ್ಪಿಗೆ ಇಲ್ಲದೆ ಆ ವಸ್ತುವನ್ನು ತಯಾರಿಸುವುದು, ಬಳಸುವುದು, ಮಾರುವುದು, ಮಾರಲು ಮುಂದಿಡುವುದು, ಅದಕ್ಕಾಗಿ ಹೊರದೇಶದಿಂದ ತರಿಸುವುದು ಇವನ್ನು ತಡೆಯಬಹುದು. ವಿಧಾನದ ಪೇಟೆಂಟಿನಲ್ಲಿ ಆ ವಿಧಾನದ ಬಳಕೆಯನ್ನು ಮತ್ತು ಅದರಿಂದ ನೇರವಾಗಿ ದೊರೆತ ವಸ್ತುವನ್ನು ತಡೆಯಬಹುದು. ಇದು ತಡೆಯುವ ಹಕ್ಕು, ಅದೂ ನಮ್ಮ ದೇಶದೊಳಗೆ, ಅರ್ಜಿಯ ದಿನಾಂಕದಿಂದ 20 ವರ್ಷ ಮಾತ್ರ. ಈ ಪೇಟೆಂಟಿನ ಲೆಕ್ಕ 1999ರ ನವೆಂಬರಿನಿಂದ. ಹಾಗಾಗಿ 2019ರ ನವೆಂಬರಿಗೆ ಅದರ ಅವಧಿ ಮುಗಿಯಿತು.

ಹಾಗಾದರೆ ತುಣುಕನ್ನು ಹೊತ್ತ ಬೀಜದ ಗತಿಯೇನು? ಪಾಠದ ಅತಿ ಕಠಿಣ ಭಾಗ ಇದು, ನ್ಯಾಯಾಲಯಗಳೂ ಇಲ್ಲಿಯೇ ನಿಂತವು. ಕಾಯ್ದೆಯ 3ನೇ ಕಲಮಿನ (ಜೆ) ಉಪಕಲಮು ಗಿಡ, ಪ್ರಾಣಿ, ಅವುಗಳ ಯಾವುದೇ ಭಾಗ, ಬೀಜ, ತಳಿ ಇವುಗಳಿಗೆ ಪೇಟೆಂಟು ಇಲ್ಲ ಎನ್ನುತ್ತದೆ, ಸೂಕ್ಷ್ಮಜೀವಿಗಳನ್ನು ಮಾತ್ರ ಬಿಟ್ಟು. ಮೊನ್ಸಾಂಟೊ ಕಡೆಯವರಿಗೂ ನೂಜಿವೀಡು ಸೀಡ್ಸ್ ಕಂಪನಿಗೂ ಪರವಾನಗಿ ಶುಲ್ಕದ ಮೇಲೆ ಜಗಳ ಹತ್ತಿದಾಗ ಪ್ರಶ್ನೆ ಇಲ್ಲಿಗೆ ಬಂತು. ತುಣುಕು ಪ್ರಯೋಗಶಾಲೆಯಲ್ಲಿ ಮನುಷ್ಯ ಕಟ್ಟಿದ್ದು, ಅದು ಗಿಡದ ಭಾಗವಲ್ಲ ಎಂದು ಒಂದು ಕಡೆಯವರ ವಾದ. ಬೀಜದೊಳಗೆ ಹೊಕ್ಕ ಮೇಲೆ ಅದು ಬೀಜದ ಭಾಗವೇ, ಅದಾದ ಮೇಲೆ ನಡೆಯುವುದು ಸಹಜ ಸಂಕರಣ ಎಂದು ಇನ್ನೊಂದು ಕಡೆಯವರ ವಾದ. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರ ಏಪ್ರಿಲಿನಲ್ಲಿ ಎರಡನೆಯ ವಾದವನ್ನು ಒಪ್ಪಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿಟ್ಟಿತು. ಸಾಕ್ಷ್ಯ, ತಜ್ಞರ ಹೇಳಿಕೆ ಇಲ್ಲದೆ ಇದನ್ನು ತೀರ್ಮಾನಿಸುವಂತಿಲ್ಲ, ವಿಚಾರಣೆ ನಡೆಯಲಿ ಎಂದು ಹಿಂದಕ್ಕೆ ಕಳಿಸಿತು. 2021ರಲ್ಲಿ ಎರಡೂ ಕಡೆಯವರು ರಾಜಿಯಾದರು. ಹೀಗಾಗಿ ಈ ಪ್ರಶ್ನೆಗೆ ಆ ಪ್ರಕರಣದಲ್ಲಿ ಕೊನೆಯ ಉತ್ತರ ಬರಲಿಲ್ಲ. ಸಾರಾಂಶ ಬರೆಯುವವರು ಅದನ್ನು ಹಾಗೆಯೇ ಬರೆಯಬೇಕು. ಯಾವುದೋ ಒಂದು ಪಕ್ಷ ಹಿಡಿದು ಮುಚ್ಚಿಬಿಡಬಾರದು.

ಸವಣೂರಿನ ಶಾಲೆಯಲ್ಲಿ "ನಮ್ಮೂರ ಎಲಿಬಳ್ಳಿಗೆ ಪೇಟೆಂಟ್ ತಗೋಬಹುದೇನ್ರೀ?" ಎಂಬ ಪ್ರಶ್ನೆ ಬಂದಾಗ ಪ್ರಶಿಕ್ಷಣಾರ್ಥಿ ಇದೇ (ಜೆ) ಉಪಕಲಮನ್ನು ತೋರಿಸಿದ. ಬಳ್ಳಿಗೆ ಇಲ್ಲ. ಎಲೆ ಕೆಡದಂತೆ ಇಡುವ ಹೊಸ ಪೆಟ್ಟಿಗೆಯನ್ನು ಯಾರಾದರೂ ಕಂಡುಹಿಡಿದರೆ, ಆ ಪೆಟ್ಟಿಗೆಗೆ ಅರ್ಜಿ ಹಾಕಬಹುದು. ವಿದ್ಯಾರ್ಥಿಗಳು ವಸ್ತುವನ್ನೂ ಅದರ ಸುತ್ತಲಿನ ಆವಿಷ್ಕಾರವನ್ನೂ ಬೇರ್ಪಡಿಸಿ ನೋಡಲು ಇದು ಒಳ್ಳೆಯ ಉದಾಹರಣೆ.

ಹಿರೇಕೆರೂರಿನ ಹುಡುಗನ ಪ್ರಶ್ನೆಗೂ ಈಗ ಉತ್ತರ ಹೇಳಬಹುದು. ಅಂಗಡಿಯಿಂದ ಕೊಂಡ ಬೀಜ ಬಿತ್ತಿ ಬೆಳೆದ ಹತ್ತಿ ಅವರಪ್ಪನದು. ಕ್ಲೇಮು ಹೇಳುವುದು ಡಿಎನ್‌ಎ ತುಣುಕಿನ ಮಾತು, ಹೊಲದ ಮಾತಲ್ಲ, ಅರಳೆಯ ಮಾತೂ ಅಲ್ಲ. ನ್ಯಾಯಾಲಯದಲ್ಲಿ ನಡೆದದ್ದು ಎರಡು ಕಂಪನಿಗಳ ನಡುವಿನ ವ್ಯಾಜ್ಯ. ರೈತ ತನ್ನ ಬೆಳೆಯ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ವಿಷಯ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಬರುತ್ತದೆ. ಬ್ರಾಂಡಿನ ಹೆಸರಿನಲ್ಲಿ ಮಾರದಿದ್ದರೆ ಅದಕ್ಕೆ ಆ ಕಾಯ್ದೆಯ ಅಡ್ಡಿಯಿಲ್ಲ. "ಪೇಟೆಂಟ್ ಇರೋದಕ್ಕ ಎರಡನೇ ವರ್ಷ ಬೀಜ ಬರಂಗಿಲ್ಲ" ಎಂದು ಮಕ್ಕಳು ಹೇಳುವುದುಂಟು. ಅದು ಬೇರೆ ಸಂಗತಿ. ಹೈಬ್ರಿಡ್ ಬೆಳೆಯ ಬೀಜವನ್ನು ಮತ್ತೆ ಬಿತ್ತಿದರೆ ತಂದೆ ತಾಯಿ ತಳಿಗಳ ಗುಣ ಬೇರೆ ಬೇರೆಯಾಗಿ ಒಡೆದು, ಗಿಡಗಳು ಒಂದೇ ಸಮ ಬರುವುದಿಲ್ಲ, ಇಳುವರಿ ಇಳಿಯುತ್ತದೆ. ಪೇಟೆಂಟೇ ಇಲ್ಲದ ಹೈಬ್ರಿಡ್‌ಗಳಲ್ಲೂ ಹೀಗೆಯೇ ಆಗುತ್ತದೆ. ಡಿಸಿಎಚ್ 32ರ ಕಾಲದ ರೈತರನ್ನು ಕೇಳಿದರೆ ಹೇಳುತ್ತಾರೆ.

ಸಾರಾಂಶದಲ್ಲಿ ಕಂಡುಬರುವ ತಪ್ಪುಗಳು

ನಾಲ್ಕೂ ತಾಲ್ಲೂಕಿನ ಉತ್ತರಪತ್ರಿಕೆಗಳಲ್ಲಿ ಮೂರು ತಪ್ಪುಗಳು ಮರುಕಳಿಸಿದವು. ಮೊದಲನೆಯದು, ಆಡುಮಾತಿಗೆ ಇಳಿಸುವ ಅವಸರದಲ್ಲಿ ಒಂದು ಅಂಗವನ್ನು ಬಿಡುವುದು. ಹೆಚ್ಚಾಗಿ ಬಿಟ್ಟುಹೋಗುವುದು ವಿಳಾಸದ ಚೀಟಿ, ಏಕೆಂದರೆ ಹುಳು ಸಾಯುವ ಕಥೆಗೆ ಅದು ಬೇಕಿಲ್ಲ ಎನಿಸುತ್ತದೆ. ಅದನ್ನು ಬಿಟ್ಟರೆ ಕ್ಲೇಮು ಇದ್ದುದಕ್ಕಿಂತ ದೊಡ್ಡದಾಗುತ್ತದೆ. ಎರಡನೆಯದು, ಕ್ಲೇಮಿನಲ್ಲಿ ಇಲ್ಲದ ಷರತ್ತನ್ನು ಸೇರಿಸುವುದು. "ಹತ್ತಿಯಲ್ಲಿ" ಎಂಬ ಪದ ಹೀಗೆಯೇ ನುಸುಳುತ್ತದೆ. ಅದರಿಂದ ಕ್ಲೇಮು ಸಣ್ಣದಾಗುತ್ತದೆ. ಮೂರನೆಯದು, ಹೋಲಿಕೆಯನ್ನೇ ಸಾರಾಂಶವಾಗಿಸುವುದು. "ಸ್ವಿಚ್ಚಿಗೂ ಚೀಟಿಗೂ ಪೇಟೆಂಟು" ಎಂದು ಬರೆದವರಿದ್ದಾರೆ. ಹೋಲಿಕೆ ಅರ್ಥಮಾಡಿಕೊಳ್ಳಲು, ಅದರ ಪಕ್ಕದಲ್ಲಿ ನಿಜವಾದ ಹೆಸರು ಇರಲೇಬೇಕು.

ತಪ್ಪು ಹಿಡಿಯುವ ವಿಧಾನ ಸರಳ. ವಿದ್ಯಾರ್ಥಿಗಳು ಸಾರಾಂಶಗಳನ್ನು ಅದಲು ಬದಲು ಮಾಡಿಕೊಂಡು, ಕ್ಲೇಮನ್ನು ನೋಡದೆ, ಬರೀ ಸಾರಾಂಶದ ಆಧಾರದ ಮೇಲೆ ಐದು ವಸ್ತುಗಳನ್ನು ಮತ್ತೆ ಒಳಗೆ ಹೊರಗೆ ಎಂದು ವಿಂಗಡಿಸಲಿ. ಐದೂ ಸರಿಯಾದರೆ ಸಾರಾಂಶ ಸರಿ. ಬ್ಯಾಕ್ಟೀರಿಯಾದ ಪುಡಿ ಒಳಗೆ ಬಂದರೆ ಒಂದು ಅಂಗ ಬಿಟ್ಟುಹೋಗಿದೆ. ಗೋವಿನಜೋಳ ಹೊರಗೆ ಹೋದರೆ ಇಲ್ಲದ ಷರತ್ತು ಸೇರಿದೆ.

ಮಾದರಿ ಸಾರಾಂಶ

"ಭಾರತದ ಪೇಟೆಂಟು 214436, 25ನೇ ಕ್ಲೇಮು. ಇದು ವಸ್ತುವಿನ ಕ್ಲೇಮು. ವಸ್ತು ಒಂದು ಡಿಎನ್‌ಎ ತುಣುಕು. ಅದರಲ್ಲಿ ಜೀನನ್ನು ಚಾಲೂ ಮಾಡುವ ಪ್ರೊಮೋಟರ್, ಪ್ರೋಟೀನನ್ನು ಪ್ಲಾಸ್ಟಿಡ್‌ಗೆ ಕಳಿಸುವ ವಿಳಾಸದ ಪೆಪ್ಟೈಡಿನ ಭಾಗ, ಅದಕ್ಕೆ ಸರಿಯಾಗಿ ಜೋಡಿಸಿದ ಕ್ರೈ2ಎಬಿ ಪ್ರೋಟೀನಿನ ಭಾಗ ಇರಬೇಕು. ಗಿಡದ ಜೀವಕೋಶದಲ್ಲಿ ಇವೆರಡೂ ಕೂಡಿದ ಒಂದೇ ಪ್ರೋಟೀನು ಉಂಟಾಗಿ ಕೋಶದೊಳಗಿನ ಕೋಣೆಯನ್ನು ಸೇರಬೇಕು. ಇವೆಲ್ಲ ಇದ್ದರೆ ಯಾವ ಬೆಳೆಯಾದರೂ ತುಣುಕು ಎಲ್ಲೆಯ ಒಳಗೆ, ಒಂದಿಲ್ಲದಿದ್ದರೂ ಹೊರಗೆ. ಬಿಟಿ ಬ್ಯಾಕ್ಟೀರಿಯಾ, ಕ್ರೈ1ಎಸಿ ಮಾತ್ರ ಇರುವ ಹತ್ತಿ, ಬಿಟಿ ಇಲ್ಲದ ತಳಿ ಹೊರಗೆ. ತುಣುಕು ಬೀಜದೊಳಗೆ ಸೇರಿದ ಮೇಲೆ ಕ್ಲೇಮು ನಿಲ್ಲುತ್ತದೆಯೇ ಎಂಬುದು ನ್ಯಾಯಾಲಯದಲ್ಲಿ ಕೊನೆಗೊಳ್ಳದೆ ರಾಜಿಯಾಯಿತು. ಅವಧಿ 2019ರ ನವೆಂಬರಿಗೆ ಮುಗಿದಿದೆ."

ಮೌಲ್ಯಮಾಪನ

ಅಂಕ ಕೊಡುವಾಗ ಭಾಷೆಯ ಸೊಗಸಿಗಿಂತ ಈ ಆರನ್ನು ನೋಡಬೇಕೆಂದು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸಿದ್ದೇನೆ: ಯಾವ ಕ್ಲೇಮು ಎಂದು ಹೇಳಿದೆಯೇ, ವಸ್ತುವೋ ವಿಧಾನವೋ ಎಂದು ಹೇಳಿದೆಯೇ, ಅಂಗಗಳೆಲ್ಲ ಇವೆಯೇ, ಹೆಚ್ಚಿನದು ಸೇರಿಲ್ಲವೇ, ಹೊರಗಿರುವ ಒಂದಾದರೂ ವಸ್ತುವನ್ನು ಕಾರಣಸಹಿತ ಹೆಸರಿಸಿದೆಯೇ, ಪೇಟೆಂಟು ಯಾವ ದೇಶದ್ದು, ಜೀವಂತವಿದೆಯೋ ಇಲ್ಲವೋ ಎಂದು ಹೇಳಿದೆಯೇ. ಪ್ರತಿಯೊಂದಕ್ಕೆ ಎರಡು ಅಂಕ, ಒಟ್ಟು ಹನ್ನೆರಡು. ಮುಂದಿನ ಅಭ್ಯಾಸಕ್ಕೆ ಇದೇ ಪೇಟೆಂಟಿನ 1ನೇ ಕ್ಲೇಮನ್ನು ಕೊಡಬಹುದು. ಅದರಲ್ಲಿ ಇದೇ ತುಣುಕನ್ನು ಗಿಡದ ಜೀನೋಮಿನೊಳಗೆ ಸೇರಿಸಿ ಪರಿವರ್ತಿತ ಗಿಡ ಪಡೆಯುವ ವಿಧಾನ ಹೇಳಿದೆ. ಬೀಜ ಬಿತ್ತುವ ರೈತ ಆ ಕೆಲಸ ಮಾಡುತ್ತಾನೆಯೇ ಎಂಬ ಪ್ರಶ್ನೆಯನ್ನು ತರಗತಿಗೇ ಬಿಡಿ. "ಸೇರಿಸುವುದು" ಎಂಬ ಕ್ರಿಯಾಪದದ ಮೇಲೆ ಬೆರಳಿಟ್ಟು ಉತ್ತರ ಹೇಳಿದ ವಿದ್ಯಾರ್ಥಿಗೆ ಕ್ಲೇಮು ಓದಲು ಬಂದಿದೆ ಎಂದು ತಿಳಿಯಬಹುದು.